ಅಳತೆ ಮೀರಿದ ಫ್ಲೋರೈಡ್‌ಗೆ ನೀರು ಬೆರೆಸುವ ಲೆಕ್ಕ

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅಳೆಯಲು ಪ್ರಯೋಗಾಲಯಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಸ್ಪ್ಯಾಡ್ನ್ಸ್ ವಿಧಾನ ನಂಬಿಕೆಗೆ ಅರ್ಹವಾಗಿರುವುದು ಲೀಟರಿಗೆ 1.4 ಮಿಲಿಗ್ರಾಂವರೆಗೆ ಮಾತ್ರ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದಕ್ಕಿಂತ ಹೆಚ್ಚಿರುತ್ತದೆ. ಭಾರತೀಯ ಮಾನಕ ಐಎಸ್ 10500 ಒಪ್ಪುವ ಮಿತಿ ಲೀಟರಿಗೆ 1.0 ಮಿಲಿಗ್ರಾಂ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ. ಅಂದರೆ ಯಾವ ನೀರಿನ ಬಗ್ಗೆ ಜನ ನಿಜವಾಗಿ ಆತಂಕಪಡಬೇಕೋ ಆ ನೀರೇ ಈ ವಿಧಾನದ ಅಳತೆಗೆ ಸಿಗುವುದಿಲ್ಲ. ಅದನ್ನು ಅಳತೆಯೊಳಗೆ ತರುವ ದಾರಿ ಒಂದೇ: ಮಾದರಿಗೆ ಗೊತ್ತಾದ ಪ್ರಮಾಣದಲ್ಲಿ ಶುದ್ಧ ನೀರು ಬೆರೆಸಿ ತೆಳುಗೊಳಿಸುವುದು, ಬಂದ ಉತ್ತರವನ್ನು ಅಷ್ಟೇ ಪಟ್ಟು ಹೆಚ್ಚಿಸುವುದು. ಕೇಳಲು ಸುಲಭವಾದ ಈ ಕೆಲಸದಲ್ಲಿ ತಪ್ಪು ನುಸುಳುವ ಜಾಗಗಳು ಹಲವಿವೆ. ಅವುಗಳಲ್ಲಿ ಹೆಚ್ಚಿನವು ರಸಾಯನಶಾಸ್ತ್ರಕ್ಕೆ ಸೇರಿದವಲ್ಲ, ಪ್ರಾಥಮಿಕ ಶಾಲೆಯ ಗುಣಾಕಾರ, ಭಾಗಾಕಾರಕ್ಕೆ ಸೇರಿದವು.

1.4ರ ಗಡಿ ಎಲ್ಲಿಂದ ಬಂತು ಎಂಬುದನ್ನು ಮೊದಲು ತಿಳಿಯಬೇಕು. ಸ್ಪ್ಯಾಡ್ನ್ಸ್ ಒಂದು ಬಣ್ಣ. ಜಿರ್ಕೋನಿಯಂ ಜೊತೆ ಸೇರಿದಾಗ ಅದು ಗಾಢ ಕೆಂಪಿನ ಸಂಯುಕ್ತವಾಗುತ್ತದೆ. ಫ್ಲೋರೈಡ್‌ಗೆ ಜಿರ್ಕೋನಿಯಂ ಮೇಲೆ ಬಲವಾದ ಸೆಳೆತವಿದೆ. ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಜಿರ್ಕೋನಿಯಂ ಅನ್ನು ಬಣ್ಣದಿಂದ ಬಿಡಿಸಿ ತನ್ನ ಕಡೆ ಎಳೆದುಕೊಳ್ಳುತ್ತದೆ, ಕೆಂಪು ಅಷ್ಟರಮಟ್ಟಿಗೆ ಮಸುಕಾಗುತ್ತದೆ. ಸ್ಪೆಕ್ಟ್ರೋಫೋಟೋಮೀಟರ್ ಎಂಬ ಉಪಕರಣ 570 ನ್ಯಾನೋಮೀಟರ್ ಬೆಳಕನ್ನು ಈ ದ್ರಾವಣದ ಮೂಲಕ ಹಾಯಿಸಿ ಎಷ್ಟು ಬೆಳಕು ಹೀರಲ್ಪಟ್ಟಿತು ಎಂದು ತೋರಿಸುತ್ತದೆ. ಫ್ಲೋರೈಡ್ ಹೆಚ್ಚಿದಂತೆ ಬಣ್ಣ ಕಡಿಮೆಯಾಗುತ್ತದೆ, ಉಪಕರಣದ ಅಂಕಿಯೂ ಇಳಿಯುತ್ತದೆ. ಬೇರೆ ಹೆಚ್ಚಿನ ಬಣ್ಣ ಪರೀಕ್ಷೆಗಳಲ್ಲಿ ವಸ್ತು ಹೆಚ್ಚಿದಂತೆ ಬಣ್ಣವೂ ಏರುತ್ತದೆ. ಇಲ್ಲಿ ಎಲ್ಲವೂ ತಿರುವುಮುರುವು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಒಂದು ದೊಡ್ಡ ತಪ್ಪಿನ ಮೂಲ ಇದೇ.

ಬಿಡಿಸಿಕೊಳ್ಳಲು ಇರುವ ಜಿರ್ಕೋನಿಯಂ ಮಿತವಾದದ್ದು. ಆರಂಭದಲ್ಲಿ ಫ್ಲೋರೈಡ್ ಏರಿದಷ್ಟೂ ಬಣ್ಣ ಸಮನಾಗಿ ಇಳಿಯುತ್ತದೆ. ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಿದರೆ ನೇರ ರೇಖೆ ಬರುತ್ತದೆ. 1.4 ದಾಟಿದ ಮೇಲೆ ರೇಖೆ ಬಾಗಲು ತೊಡಗುತ್ತದೆ. ಫ್ಲೋರೈಡ್ ಇನ್ನಷ್ಟು ಸೇರಿದರೂ ಬಣ್ಣದಲ್ಲಾಗುವ ಬದಲಾವಣೆ ಕಿರಿದಾಗುತ್ತಾ ಹೋಗಿ ಕೊನೆಗೆ ನಿಂತೇ ಹೋಗುತ್ತದೆ. ಲೀಟರಿಗೆ 4 ಮಿಲಿಗ್ರಾಂ ಇರುವ ನೀರಿಗೂ 8 ಮಿಲಿಗ್ರಾಂ ಇರುವ ನೀರಿಗೂ ಆಗ ಉಪಕರಣ ಹೆಚ್ಚೂಕಡಿಮೆ ಒಂದೇ ಅಂಕಿ ತೋರಿಸಬಹುದು. ಈ ಭಾಗದಲ್ಲಿ ನೇರ ರೇಖೆಯನ್ನು ಸ್ಕೇಲ್ ಹಿಡಿದು ಮುಂದಕ್ಕೆ ಎಳೆದು ಉತ್ತರ ಓದುವುದು ಊಹೆಯೇ ಹೊರತು ಅಳತೆಯಲ್ಲ. ಅದೂ ಯಾವಾಗಲೂ ಒಂದೇ ದಿಕ್ಕಿಗೆ ವಾಲುವ ಊಹೆ: ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕೆಟ್ಟ ನೀರನ್ನು ಅಷ್ಟೇನೂ ಕೆಟ್ಟದ್ದಲ್ಲ ಎಂದು ಹೇಳುವ ತಪ್ಪು ಇದು.

ಈ ನೇರ ರೇಖೆಯನ್ನು ಪಡೆಯಲು ಫ್ಲೋರೈಡ್ ಎಷ್ಟಿದೆ ಎಂದು ಖಚಿತವಾಗಿ ಗೊತ್ತಿರುವ ದ್ರಾವಣಗಳು ಬೇಕು. ಅವುಗಳ ತಯಾರಿ ಸ್ಟಾಕ್ ದ್ರಾವಣದಿಂದ ಆರಂಭವಾಗುತ್ತದೆ. 221 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಅನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ ಒಟ್ಟು 1 ಲೀಟರ್ ಮಾಡಿದರೆ ಆ ದ್ರಾವಣದಲ್ಲಿ ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. 221 ಎಂಬ ಅಂಕಿ ಹೀಗೆ ಬಂದದ್ದು: ಸೋಡಿಯಂ ಫ್ಲೋರೈಡ್‌ನ ಅಣುತೂಕ ಸುಮಾರು 42, ಅದರಲ್ಲಿ ಫ್ಲೋರೀನ್‌ನ ಪಾಲು 19. ತೂಗಿದ ಪುಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸೋಡಿಯಂ ಆದ್ದರಿಂದ 100 ಮಿಲಿಗ್ರಾಂ ಫ್ಲೋರೈಡ್ ಬೇಕಾದರೆ ಪುಡಿ 221 ಮಿಲಿಗ್ರಾಂ ಬೇಕು. ಇಲ್ಲಿ ‘ಒಟ್ಟು 1 ಲೀಟರ್ ಮಾಡಿದರೆ’ ಎಂಬ ಮಾತಿಗೆ ತೂಕವಿದೆ. ಒಂದು ಲೀಟರ್ ನೀರು ಅಳೆದು ಅದಕ್ಕೆ ಪುಡಿ ಹಾಕುವುದಲ್ಲ. ಸ್ವಲ್ಪ ನೀರಿನಲ್ಲಿ ಪುಡಿ ಕರಗಿಸಿ, ವಾಲ್ಯುಮೆಟ್ರಿಕ್ ಫ್ಲಾಸ್ಕಿಗೆ ಸುರಿದು, ಪಾತ್ರೆಯನ್ನು ತೊಳೆದ ನೀರನ್ನೂ ಅದಕ್ಕೇ ಸೇರಿಸಿ, ಕತ್ತಿನ ಗೆರೆಯವರೆಗೆ ತುಂಬಿಸುವುದು. ನೀರಿನ ಮೇಲ್ಮೈ ಬಟ್ಟಲಿನಂತೆ ಬಾಗಿರುತ್ತದೆ. ಆ ಬಾಗಿನ ತಳ ಕಣ್ಣಿನ ಮಟ್ಟದಲ್ಲಿ ಗೆರೆಗೆ ತಾಗಬೇಕು. ಸೋಡಿಯಂ ಫ್ಲೋರೈಡ್ ವಿಷ. ಪಿಪೆಟ್ಟಿಗೆ ಬಾಯಿ ಇಡದೆ ರಬ್ಬರ್ ಬಲ್ಬ್ ಬಳಸಬೇಕು. ದ್ರಾವಣವನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡಬೇಕು, ಏಕೆಂದರೆ ಫ್ಲೋರೈಡ್ ಗಾಜಿನೊಡನೆ ನಿಧಾನವಾಗಿ ವರ್ತಿಸುತ್ತದೆ.

ಸ್ಟಾಕ್ ದ್ರಾವಣವನ್ನು ನೇರವಾಗಿ ಬಳಸುವುದಿಲ್ಲ. ಅದರಿಂದ 10 ಮಿ.ಲೀ. ಪಿಪೆಟ್‌ನಲ್ಲಿ ತೆಗೆದು 100 ಮಿ.ಲೀ. ಫ್ಲಾಸ್ಕಿಗೆ ಹಾಕಿ ಗೆರೆಯವರೆಗೆ ನೀರು ತುಂಬಿಸಿದರೆ ಲೀಟರಿಗೆ 10 ಮಿಲಿಗ್ರಾಂ ಇರುವ ದ್ರಾವಣ ಸಿಗುತ್ತದೆ. ಇದು ದಿನದ ಕೆಲಸಕ್ಕೆ ಬಳಸುವ ವರ್ಕಿಂಗ್ ದ್ರಾವಣ. ಇಲ್ಲಿರುವ ಲೆಕ್ಕ ಒಂದೇ ಸಾಲಿನದು:

C1 × V1 = C2 × V2

ಮೊದಲ ದ್ರಾವಣದ ಸಾಂದ್ರತೆ ಮತ್ತು ತೆಗೆದ ಪ್ರಮಾಣ ಎಡಕ್ಕೆ, ಹೊಸ ದ್ರಾವಣದ ಸಾಂದ್ರತೆ ಮತ್ತು ಒಟ್ಟು ಪ್ರಮಾಣ ಬಲಕ್ಕೆ. 100ನ್ನು 10ರಿಂದ ಗುಣಿಸಿದರೆ 1000. ಅದನ್ನು 100ರಿಂದ ಭಾಗಿಸಿದರೆ 10. ನೀರು ಬೆರೆಸಿದಾಗ ಫ್ಲೋರೈಡ್ ಹೆಚ್ಚಾಗಿಲ್ಲ, ಕಡಿಮೆಯಾಗಿಲ್ಲ, ಹೆಚ್ಚು ಜಾಗಕ್ಕೆ ಹರಡಿದೆ ಅಷ್ಟೆ ಎಂಬುದೇ ಈ ಸೂತ್ರದ ಪೂರ್ತಿ ಅರ್ಥ.

ವರ್ಕಿಂಗ್ ದ್ರಾವಣದಿಂದ 1, 2, 3 ಹೀಗೆ 7 ಮಿ.ಲೀ.ವರೆಗೆ ತೆಗೆದು ಪ್ರತಿಯೊಂದನ್ನೂ 50 ಮಿ.ಲೀ. ಮಾಡಿದರೆ ಲೀಟರಿಗೆ 0.2ರಿಂದ 1.4 ಮಿಲಿಗ್ರಾಂವರೆಗಿನ ಏಳು ಸ್ಟ್ಯಾಂಡರ್ಡ್‌ಗಳು ಸಿದ್ಧ. ಬರೀ ಡಿಸ್ಟಿಲ್ಡ್ ವಾಟರ್ ಎಂಟನೆಯದು, ಅದು ಸೊನ್ನೆ. ಇವನ್ನು ಸ್ಟಾಕ್‌ನಿಂದಲೇ ನೇರವಾಗಿ ಮಾಡಬಾರದೇ ಎಂಬ ಪ್ರಶ್ನೆ ಸಹಜ. 0.2ರ ಸ್ಟ್ಯಾಂಡರ್ಡಿಗೆ ಸ್ಟಾಕ್‌ನಿಂದ ಬೇಕಾಗುವುದು 0.1 ಮಿ.ಲೀ. ಮಾತ್ರ. ಗಾಜಿನ ಪಿಪೆಟ್‌ನಲ್ಲಿ ಕಣ್ಣಳತೆಯ ತಪ್ಪು 0.02 ಮಿ.ಲೀ. ಆಯಿತೆಂದರೆ ಅದು ಶೇ. 20ರಷ್ಟು ತಪ್ಪು. ಅದೇ 0.02, ವರ್ಕಿಂಗ್ ದ್ರಾವಣದ 1 ಮಿ.ಲೀ.ಯಲ್ಲಿ ಶೇ. 2 ಮಾತ್ರ. ನಡುವೆ ಒಂದು ಹಂತ ಇಟ್ಟುಕೊಳ್ಳುವುದರ ಲಾಭ ಇದು: ಪ್ರತಿ ಸಲವೂ ಕೈಗೆ ಸಿಗುವಷ್ಟು, ಕಣ್ಣಿಗೆ ಕಾಣುವಷ್ಟು ಪ್ರಮಾಣವನ್ನೇ ಅಳೆಯಬಹುದು.

ಹಂತಹಂತವಾಗಿ, ಒಂದು ಹಂತದ ದ್ರಾವಣದಿಂದಲೇ ತೆಗೆದು ಮುಂದಿನದನ್ನು ಮಾಡುತ್ತಾ ಹೋಗುವುದಕ್ಕೆ ಸರಣಿ ಡೈಲ್ಯೂಷನ್ ಎಂದು ಹೆಸರು. ವರ್ಕಿಂಗ್ ದ್ರಾವಣದ 10 ಮಿ.ಲೀ. ತೆಗೆದು ಮತ್ತೆ 100 ಮಾಡಿದರೆ ಲೀಟರಿಗೆ 1 ಮಿಲಿಗ್ರಾಂ ಉಳಿಯುತ್ತದೆ. ಸ್ಟಾಕ್‌ನಿಂದ ಇಲ್ಲಿಗೆ ಎರಡು ಹಂತ. ಪ್ರತಿ ಹಂತ 10 ಪಟ್ಟು. ಒಟ್ಟು 100 ಪಟ್ಟು. ಹಂತಗಳ ಪಟ್ಟುಗಳನ್ನು ಗುಣಿಸಬೇಕು, ಕೂಡಿಸಬಾರದು. ಮೂರು ಸಲ ಅರ್ಧರ್ಧ ಮಾಡಿದರೆ 8 ಪಟ್ಟು, 6 ಅಲ್ಲ. ಈ ಎರಡು ಹಂತದ 1 ಮಿಲಿಗ್ರಾಂ ದ್ರಾವಣಕ್ಕೆ ಇನ್ನೊಂದು ಉಪಯೋಗವೂ ಇದೆ. ವರ್ಕಿಂಗ್ ದ್ರಾವಣದ 5 ಮಿ.ಲೀ.ಯನ್ನು 50 ಮಾಡಿದ ಸ್ಟ್ಯಾಂಡರ್ಡ್ ಕೂಡ 1 ಮಿಲಿಗ್ರಾಮಿನದೇ. ಬೇರೆ ಬೇರೆ ಪಿಪೆಟ್, ಬೇರೆ ಬೇರೆ ಫ್ಲಾಸ್ಕ್ ಬಳಸಿ ಬಂದ ಈ ಎರಡೂ ಒಂದೇ ಅಂಕಿ ತೋರಿಸಿದರೆ ಕೈಯೂ ಗಾಜೂ ಸರಿಯಾಗಿವೆ ಎಂದರ್ಥ.

ಸರಣಿಯಲ್ಲಿ ಒಂದು ಅಪಾಯವೂ ಇದೆ. ಪಿಪೆಟ್ ಶೇ. 2ರಷ್ಟು ಕಡಿಮೆ ಬಿಡುತ್ತಿದ್ದರೆ ಆ ತಪ್ಪು ಪ್ರತಿ ಹಂತದಲ್ಲೂ ಮತ್ತೆ ಸೇರಿಕೊಳ್ಳುತ್ತದೆ. ಮೂರನೆಯ ಹಂತಕ್ಕೆ ಅದು ಸುಮಾರು ಶೇ. 6 ಆಗಿರುತ್ತದೆ. ಹೀಗಾಗಿ ಒಂದೆರಡು ಹಂತದಲ್ಲಿ ಮುಗಿಯುವುದನ್ನು ಐದಾರಕ್ಕೆ ಎಳೆಯಬಾರದು. ಪ್ರತಿ ಹಂತದ ನಂತರ ಫ್ಲಾಸ್ಕಿನ ಬಿರಡೆ ಹಾಕಿ ಹತ್ತು ಹದಿನೈದು ಸಲ ತಲೆಕೆಳಗು ಮಾಡಿ ಬೆರೆಸಬೇಕು. ಫ್ಲಾಸ್ಕಿನ ಕತ್ತಿನಲ್ಲಿ ನಿಂತ ನೀರು ಒಂದೆರಡು ಅಲುಗಾಟಕ್ಕೆ ಕೆಳಗಿನ ದ್ರಾವಣದೊಡನೆ ಬೆರೆಯುವುದಿಲ್ಲ. ಬೆರೆಯದ ಫ್ಲಾಸ್ಕಿನಿಂದ ತೆಗೆದದ್ದು ಮುಂದಿನ ಹಂತಗಳನ್ನೆಲ್ಲ ಕೆಡಿಸುತ್ತದೆ. ಹೊಸ ಹಂತಕ್ಕೆ ಹೊಸ ಪಿಪೆಟ್ ಹಿಡಿಯಬೇಕು, ಇಲ್ಲವೇ ಅದನ್ನು ಆ ಹಂತದ ದ್ರಾವಣದಿಂದಲೇ ಒಮ್ಮೆ ತೊಳೆದು ಚೆಲ್ಲಬೇಕು.

ಈಗ ಮಾದರಿಯ ಸರದಿ. ಲೆಕ್ಕ ತಿಳಿಯಲು ಒಂದು ಕೊಳವೆಬಾವಿಯ ನೀರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 50 ಮಿ.ಲೀ. ಮಾದರಿಗೆ ಸ್ಪ್ಯಾಡ್ನ್ಸ್ ಮತ್ತು ಆಮ್ಲ ಬೆರೆತ ಜಿರ್ಕೋನಿಯಂನ ಮಿಶ್ರ ದ್ರಾವಣ 10 ಮಿ.ಲೀ. ಹಾಕುವುದು ವಾಡಿಕೆ. ಈ 10 ಮಿ.ಲೀ.ಯನ್ನೂ ಪಿಪೆಟ್‌ನಲ್ಲೇ ಅಳೆಯಬೇಕು. ಬಣ್ಣ ಇರುವುದು ಅದರಲ್ಲೇ ಆದ್ದರಿಂದ ಅದು ಹೆಚ್ಚುಕಡಿಮೆಯಾದರೆ ಉತ್ತರವೂ ಹೆಚ್ಚುಕಡಿಮೆಯಾಗುತ್ತದೆ. ಮಾದರಿ ಮತ್ತು ಸ್ಟ್ಯಾಂಡರ್ಡ್‌ಗಳು ಒಂದೇ ಉಷ್ಣಾಂಶದಲ್ಲಿರಬೇಕು. ಉಪಕರಣದ ಅಂಕಿ 1.4ರ ಸ್ಟ್ಯಾಂಡರ್ಡ್‌ಗಿಂತಲೂ ಕೆಳಗೆ ಬಂತು ಎಂದಿಟ್ಟುಕೊಳ್ಳೋಣ. ಫ್ಲೋರೈಡ್ 1.4ಕ್ಕಿಂತ ಹೆಚ್ಚಿದೆ ಎಂಬುದಷ್ಟೇ ಆಗ ಖಚಿತ.

ಎಷ್ಟು ಹೆಚ್ಚಿದೆ ಎಂಬ ಅಂದಾಜೇ ಇಲ್ಲದಾಗ ಅರ್ಧರ್ಧ ಮಾಡುವ ಸರಣಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. 50 ಮಿ.ಲೀ. ಮಾದರಿಯನ್ನು 100 ಮಿ.ಲೀ. ಫ್ಲಾಸ್ಕಿಗೆ ಹಾಕಿ ಗೆರೆಯವರೆಗೆ ಡಿಸ್ಟಿಲ್ಡ್ ವಾಟರ್ ತುಂಬಿಸಿದರೆ 2 ಪಟ್ಟು ತೆಳುವಾಯಿತು. ಅದರಲ್ಲಿ 50 ತೆಗೆದು ಇನ್ನೊಂದು ಫ್ಲಾಸ್ಕಿನಲ್ಲಿ 100 ಮಾಡಿದರೆ 4 ಪಟ್ಟು. ಮತ್ತೊಮ್ಮೆ ಮಾಡಿದರೆ 8 ಪಟ್ಟು. ಪ್ರತಿ ಫ್ಲಾಸ್ಕಿನಲ್ಲೂ ಪರೀಕ್ಷೆಗೆ ಬೇಕಾದ 50 ಮಿ.ಲೀ. ಉಳಿದಿರುತ್ತದೆ. ಇವುಗಳ ಉತ್ತರ ಹೀಗೆ ಬಂತೆನ್ನೋಣ: ತೆಳುಗೊಳಿಸದ ಮಾದರಿಯಲ್ಲಿ ರೇಖೆಯನ್ನು ಮುಂದಕ್ಕೆಳೆದು ಓದಿದರೆ 1.9; 2 ಪಟ್ಟಿನದರಲ್ಲಿ 1.7, 4 ಪಟ್ಟಿನದರಲ್ಲಿ 1.14, 8 ಪಟ್ಟಿನದರಲ್ಲಿ 0.58. ಪ್ರತಿಯೊಂದನ್ನೂ ಅದರದರ ಪಟ್ಟಿನಿಂದ ಗುಣಿಸಿದರೆ 1.9, 3.4, 4.56, 4.64. ಮೊದಲ ಎರಡು ಅಂಕಿಗಳು ಏರುತ್ತಾ ಹೋಗಿವೆ, ಕೊನೆಯ ಎರಡು ಒಂದೇ ಕಡೆ ನಿಂತಿವೆ. ಗುಣಿಸಿದ ಉತ್ತರ ಏರುತ್ತಿರುವವರೆಗೆ ದ್ರಾವಣ ಇನ್ನೂ ನೇರ ರೇಖೆಯ ಹೊರಗಿದೆ. ನಿಂತ ಮೇಲೆ ಒಳಗೆ ಬಂದಿದೆ. ಈ ನೀರಿನಲ್ಲಿರುವ ಫ್ಲೋರೈಡ್ ಲೀಟರಿಗೆ 4.6 ಮಿಲಿಗ್ರಾಂ. ಮೊದಲ ಅಂಕಿ 1.9ನ್ನೇ ನಂಬಿ ವರದಿ ಬರೆದಿದ್ದರೆ ಮಿತಿಯ ಮೂರು ಪಟ್ಟು ಇರುವ ನೀರು ಮಿತಿಯನ್ನು ಸ್ವಲ್ಪವೇ ದಾಟಿದಂತೆ ಕಾಣುತ್ತಿತ್ತು.

ಗುಣಿಸಿದ ಆ ಪಟ್ಟಿಗೆ ಡೈಲ್ಯೂಷನ್ ಫ್ಯಾಕ್ಟರ್ ಎನ್ನುತ್ತಾರೆ. ಅದರ ಲೆಕ್ಕಕ್ಕೆ ಒಂದೇ ನಿಯಮ: ಒಟ್ಟು ಪ್ರಮಾಣವನ್ನು ತೆಗೆದ ಮಾದರಿಯ ಪ್ರಮಾಣದಿಂದ ಭಾಗಿಸಬೇಕು. 10 ಮಿ.ಲೀ. ಮಾದರಿ, 40 ಮಿ.ಲೀ. ನೀರು, ಒಟ್ಟು 50, ಫ್ಯಾಕ್ಟರ್ 5. ಇಲ್ಲಿ 40ನ್ನು 10ರಿಂದ ಭಾಗಿಸಿ 4 ಎನ್ನುವವರು ಬಹಳ. ಬರವಣಿಗೆಯ ಗೊಂದಲವೂ ಇದಕ್ಕೆ ಸೇರಿಕೊಂಡಿದೆ. ‘1:5’ ಎಂದು ಬರೆದದ್ದನ್ನು ಒಬ್ಬರು ಒಟ್ಟು ಐದು ಪಾಲಿನಲ್ಲಿ ಒಂದು ಪಾಲು ಎಂದು ಓದುತ್ತಾರೆ. ಇನ್ನೊಬ್ಬರು ಒಂದು ಪಾಲಿಗೆ ಐದು ಪಾಲು ನೀರು ಎಂದು ಓದಿ ಒಟ್ಟು ಆರು ಪಾಲು ಮಾಡುತ್ತಾರೆ. ಆರು ಪಾಲು ಮಾಡಿ ಐದರಿಂದ ಗುಣಿಸಿದರೆ ಮೇಲಿನ 4.6 ಎಂಬುದು 3.8 ಆಗಿಬಿಡುತ್ತದೆ. ಈ ಬರವಣಿಗೆಯನ್ನು ಕೈಬಿಡುವುದೇ ಒಳ್ಳೆಯದು. ‘10 ಮಿ.ಲೀ. ತೆಗೆದು 50 ಮಿ.ಲೀ. ಮಾಡಿದೆ’ ಎಂದು ರಿಜಿಸ್ಟರಿನಲ್ಲಿ ಬರೆದರೆ ಎರಡು ಅರ್ಥಕ್ಕೆ ಎಡೆಯೇ ಇಲ್ಲ.

ಇದೇ ಮಾದರಿಯ 10 ಮಿ.ಲೀ.ಯನ್ನು ನೇರವಾಗಿ 50 ಮಾಡಿ ನೋಡಿದರೆ 0.92 ಬರಬೇಕು, 5ರಿಂದ ಗುಣಿಸಿದರೆ 4.6. ಸರಣಿಯಿಂದ ಬಂದ ಉತ್ತರಕ್ಕೆ ಇದು ಸ್ವತಂತ್ರ ಸಾಕ್ಷಿ. ಕೆಲವು ಪ್ರಯೋಗಾಲಯಗಳಲ್ಲಿ ಲೆಕ್ಕವನ್ನು ಬೇರೆ ದಾರಿಯಲ್ಲಿ ಮಾಡುತ್ತಾರೆ. 50 ಮಿ.ಲೀ. ದ್ರಾವಣದಲ್ಲಿರುವ ಒಟ್ಟು ಫ್ಲೋರೈಡ್ ಅನ್ನು ಮೈಕ್ರೋಗ್ರಾಂನಲ್ಲಿ ಓದಿ, ತೆಗೆದ ಮಾದರಿಯ ಮಿ.ಲೀ.ಯಿಂದ ಭಾಗಿಸುತ್ತಾರೆ: 46 ಮೈಕ್ರೋಗ್ರಾಂ, 10 ಮಿ.ಲೀ., ಉತ್ತರ 4.6. ಈ ದಾರಿ ಹಿಡಿದವರು ಮತ್ತೆ ಫ್ಯಾಕ್ಟರ್‌ನಿಂದ ಗುಣಿಸಬಾರದು. ಮಾದರಿಯ ಪ್ರಮಾಣದಿಂದ ಭಾಗಿಸಿದಾಗಲೇ ಅದು ಲೆಕ್ಕಕ್ಕೆ ಬಂದಿದೆ. ಫ್ಯಾಕ್ಟರ್ ಅನ್ನು ಟೈಪ್ ಮಾಡಿ ಕೊಡಬಹುದಾದ ಉಪಕರಣಗಳಲ್ಲೂ ಇದೇ ತೊಂದರೆ. ಯಂತ್ರ ಒಮ್ಮೆ ಗುಣಿಸುತ್ತದೆ, ರಿಜಿಸ್ಟರ್ ಬರೆಯುವವರು ಇನ್ನೊಮ್ಮೆ ಗುಣಿಸುತ್ತಾರೆ, 4.6 ಹೋಗಿ 23 ಆಗುತ್ತದೆ.

ಹಾಗಾದರೆ ಗಡಿಯ ಚಿಂತೆಯೇ ಬೇಡವೆಂದು ಎಲ್ಲ ಮಾದರಿಗಳನ್ನೂ 50 ಪಟ್ಟು ತೆಳುಗೊಳಿಸಬಹುದೇ? ಅದು ಆಗದು. ಈ ನೀರಿನ 1 ಮಿ.ಲೀ.ಯನ್ನು 50 ಮಾಡಿದರೆ ಅದರಲ್ಲಿ ಉಳಿಯುವುದು 0.09ರಷ್ಟು ಮಾತ್ರ, ಸೊನ್ನೆಗೆ ತೀರಾ ಹತ್ತಿರ. ಓದುವಾಗ 0.02ರ ಹೆಚ್ಚುಕಡಿಮೆ ಸಹಜ. ಗುಣಿಸುವಾಗ ಆ ತಪ್ಪನ್ನೂ 50ರಿಂದ ಗುಣಿಸುತ್ತೇವೆ, ಅದು 1.0 ಮಿಲಿಗ್ರಾಂ ಆಗುತ್ತದೆ, ಅಂದರೆ ಮಾನಕ ಒಪ್ಪುವ ಮಿತಿಯಷ್ಟೇ ದೊಡ್ಡ ಅನಿಶ್ಚಿತತೆ. 5 ಪಟ್ಟಿನಲ್ಲಿ ಅದೇ ತಪ್ಪು 0.1 ಮಾತ್ರ. ತೆಳುಗೊಳಿಸಿದ ಮಾದರಿಯ ಅಂಕಿ ರೇಖೆಯ ನಡುಭಾಗದಲ್ಲಿ, ಸುಮಾರು 0.5ರಿಂದ 1.2ರೊಳಗೆ ಬೀಳುವಂತೆ ಪಟ್ಟನ್ನು ಆರಿಸಿಕೊಳ್ಳುವುದು ಜಾಣತನ.

ಬೆರೆಸುವ ನೀರು ಎಂಥದ್ದು ಎಂಬುದನ್ನು ಹಗುರವಾಗಿ ಕಾಣುವಂತಿಲ್ಲ. ಡಿಸ್ಟಿಲ್ಡ್ ವಾಟರ್ ಮುಗಿದಿದೆ ಎಂದು ಯಾರಾದರೂ ಲೀಟರಿಗೆ 0.5 ಮಿಲಿಗ್ರಾಂ ಫ್ಲೋರೈಡ್ ಇರುವ ನಲ್ಲಿ ನೀರು ಬಳಸಿದರು ಎನ್ನೋಣ. 10 ಮಿ.ಲೀ. ಮಾದರಿಗೆ ಸೇರುವ 40 ಮಿ.ಲೀ. ನೀರು 20 ಮೈಕ್ರೋಗ್ರಾಂ ಫ್ಲೋರೈಡ್ ಅನ್ನು ತಾನೇ ತರುತ್ತದೆ, 50 ಮಿ.ಲೀ.ಯಲ್ಲಿ ಅದು 0.4. ಓದುವ ಅಂಕಿ 0.92ರ ಬದಲು 1.32, ಐದರಿಂದ ಗುಣಿಸಿದರೆ 6.6. ಕುಡಿಯಲು ಏನೂ ತೊಂದರೆಯಿಲ್ಲದ ನೀರೊಂದು ಉತ್ತರವನ್ನು 2 ಮಿಲಿಗ್ರಾಂ ಏರಿಸಿಬಿಟ್ಟಿತು. ಬಳಸುವ ಡಿಸ್ಟಿಲ್ಡ್ ವಾಟರನ್ನೂ ಒಂದು ಮಾದರಿಯಂತೆಯೇ ಪರೀಕ್ಷಿಸಿ, ಅದು ಸೊನ್ನೆ ತೋರಿಸುತ್ತದೆಯೇ ಎಂದು ನೋಡಿಕೊಳ್ಳುವುದು ಇದಕ್ಕಾಗಿಯೇ.

ಆರಂಭದಲ್ಲಿ ಹೇಳಿದ ತಿರುವುಮುರುವು ಬಣ್ಣದ ಸಂಗತಿ ತೊಡಕಾಗುವುದು ಇಲ್ಲಿ. ಅಂಕಿ ಗಡಿ ದಾಟಿದೆ ಎಂದು ತಿಳಿದೊಡನೆ, ಹೊಸದಾಗಿ ಮಾದರಿ ತೆಗೆಯುವ ಬೇಸರಕ್ಕೆ, ಬಣ್ಣ ಹಾಕಿಯಾದ ದ್ರಾವಣಕ್ಕೇ ನೀರು ಸುರಿಯುವ ಆಸೆ ಹುಟ್ಟುತ್ತದೆ. ಈ ವಿಧಾನದಲ್ಲಿ ಅದು ಉತ್ತರವನ್ನು ಪೂರ್ತಿ ಕೆಡಿಸುತ್ತದೆ. ನೀರು ಸೇರಿದಾಗ ಕೆಂಪು ಬಣ್ಣವೇ ತೆಳುವಾಗುತ್ತದೆ, ಉಪಕರಣದ ಅಂಕಿ ಇನ್ನಷ್ಟು ಇಳಿಯುತ್ತದೆ. ಅಂಕಿ ಇಳಿದರೆ ಫ್ಲೋರೈಡ್ ಹೆಚ್ಚಿದೆ ಎಂದೇ ರೇಖೆ ಹೇಳುತ್ತದೆ. ತೆಳುಗೊಳಿಸಿದಷ್ಟೂ ಫ್ಲೋರೈಡ್ ಏರಿದಂತೆ ಕಾಣುತ್ತದೆ. ನೀರು ಬೆರೆಸಬೇಕಾದದ್ದು ಮೂಲ ಮಾದರಿಗೆ, ಬಣ್ಣ ಹಾಕುವ ಮೊದಲು. ಬಣ್ಣ ಏರುವ ಪರೀಕ್ಷೆಗಳಲ್ಲೂ ಈ ನಿಯಮ ಬದಲಾಗುವುದಿಲ್ಲ. ಅಲ್ಲಿ ಬಣ್ಣ ಹುಟ್ಟಿಸುವ ರಾಸಾಯನಿಕ ಆಗಲೇ ಸಾಲದೆ ಹೋಗಿರಬಹುದು, ಆಮೇಲೆ ನೀರು ಬೆರೆಸಿದರೆ ಅದು ಮರಳಿ ಬರುವುದಿಲ್ಲ.

ಎರಡು ಬೇರೆ ಪಟ್ಟುಗಳ ಅಂಕಿಗಳೂ ರೇಖೆಯೊಳಗೇ ಇದ್ದು, ಗುಣಿಸಿದ ಉತ್ತರಗಳು ಮಾತ್ರ ಹೊಂದದೆ ಇರುವುದೂ ಉಂಟು. ಅಳತೆಯಲ್ಲಿ ತಪ್ಪಿಲ್ಲವೆಂದು ಖಚಿತವಾದ ಮೇಲೂ ಹಾಗಾದರೆ ನೀರಿನಲ್ಲಿರುವ ಬೇರೇನೋ ಬಣ್ಣದ ಜೊತೆ ತಕರಾರು ಮಾಡುತ್ತಿದೆ ಎಂದು ಅನುಮಾನಿಸಬೇಕು. ಅಲ್ಯೂಮಿನಿಯಂ, ಫಾಸ್ಫೇಟ್, ಸಲ್ಫೇಟ್, ಉಳಿದಿರುವ ಕ್ಲೋರಿನ್ ಈ ವಿಧಾನಕ್ಕೆ ಅಡ್ಡಿ ಮಾಡುತ್ತವೆ. ತೆಳುಗೊಳಿಸಿದಾಗ ಅವೂ ತೆಳುವಾಗುವುದರಿಂದ ಹೆಚ್ಚು ಪಟ್ಟಿನ ಉತ್ತರ ನಿಜಕ್ಕೆ ಹತ್ತಿರ ಇರುವುದೇ ಹೆಚ್ಚು. ಆದರೆ ಅಡ್ಡಿ ದೊಡ್ಡದಿದ್ದರೆ ತೆಳುಗೊಳಿಸುವುದೊಂದೇ ಸಾಲದು. ಮಾದರಿಯನ್ನು ಬಟ್ಟಿ ಇಳಿಸಬೇಕು, ಅಥವಾ ಫ್ಲೋರೈಡ್ ಎಲೆಕ್ಟ್ರೋಡ್ ಬಳಸಬೇಕು.

ಕೊಳವೆಬಾವಿ ನೀರಿನ ವರದಿಯಲ್ಲಿ ‘1.4ಕ್ಕಿಂತ ಹೆಚ್ಚು’ ಎಂದಷ್ಟೇ ಇದ್ದರೆ ಪರೀಕ್ಷೆ ಅರ್ಧಕ್ಕೆ ನಿಂತಿದೆ ಎಂದು ತಿಳಿಯಬೇಕು. ನೀರು ಶುದ್ಧೀಕರಿಸುವ ಘಟಕ ಯಾವುದಿರಬೇಕು, ಅದರೊಳಗಿನ ಆಕ್ಟಿವೇಟೆಡ್ ಅಲ್ಯೂಮಿನಾವನ್ನು ಎಷ್ಟು ದಿನಕ್ಕೊಮ್ಮೆ ಪುನಶ್ಚೇತನಗೊಳಿಸಬೇಕು ಎಂಬುದೆಲ್ಲ ನಿಜವಾದ ಅಂಕಿಯ ಮೇಲೆ ನಿಂತಿದೆ. 2 ಮಿಲಿಗ್ರಾಂ ಇರುವ ನೀರಿಗೆ ಸಾಕಾಗುವ ಏರ್ಪಾಡು 4.6 ಇರುವ ನೀರಿಗೆ ಬೇಗನೆ ಸೋಲುತ್ತದೆ. ಮಾದರಿಯನ್ನು ತೆಳುಗೊಳಿಸಿ ಮತ್ತೆ ಪರೀಕ್ಷಿಸಿ, ಎಷ್ಟು ಮಿ.ಲೀ. ತೆಗೆದು ಎಷ್ಟು ಮಾಡಲಾಯಿತು ಎಂಬುದನ್ನೂ ವರದಿಯಲ್ಲಿ ಬರೆದುಕೊಡಿ ಎಂದು ಗ್ರಾಮ ಪಂಚಾಯಿತಿಯವರೂ ಊರಿನವರೂ ಪ್ರಯೋಗಾಲಯವನ್ನು ಕೇಳಬೇಕು.